ಕಂಟ್ರೋಲ್-ಪಿ, ಎಂಟರ್

ನನಗೆ ಮೌಸ್ ಕಂಡರೆ ಹೇಸಿಗೆ. ಇದನ್ನು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಮಣಿಪಾಲದ ನಮ್ಮ ಆಫೀಸಿನಲ್ಲಿ ಎಲ್ಲರೂ ಬಳಸುವ ಒಂದು ಕಂಪ್ಯೂಟರ್ ಇತ್ತು. ಅದರ ಮೌಸಿನ ಚಕ್ರದ ಎರಡೂ ಬದಿಯ ಸಂದಿಯಲ್ಲಿ ಕಪ್ಪು ಜಿಡ್ಡು ಕಟ್ಟಿಕೊಂಡಿತ್ತು. ಸಂಜೆ ನಾಲ್ಕಕ್ಕೆ ಕೆಳಗಿನ ಹೋಟೆಲಿನಿಂದ ಗೋಳಿಬಜೆ ಬರುತ್ತಿತ್ತು. ತಿಂದವರು ಬೆರಳನ್ನು ಪೇಪರಿಗೆ ಒಂದು ಸಲ ಒರೆಸಿದ ಹಾಗೆ ಮಾಡಿ ಅದೇ ಕೈಯಲ್ಲಿ ಮೌಸ್ ಹಿಡಿಯುತ್ತಿದ್ದರು. ಅಷ್ಟು ಜನರ ಬೆವರು, ಅಷ್ಟು ಜನರ ಎಣ್ಣೆ. ಅದನ್ನು ಮುಟ್ಟುವ ಪ್ರಸಂಗ ಬಂದರೆ ನಾನು ಆಮೇಲೆ ಹೋಗಿ ಸೋಪು ಹಾಕಿ ಕೈ ತೊಳೆಯುತ್ತಿದ್ದೆ, ಎಲ್ಲರಿಗೂ ಕಾಣುವ ಹಾಗೆ.

ಜಿಡ್ಡಿಗಿಂತ ಹೆಚ್ಚು ಅಸಹ್ಯ ಹುಟ್ಟಿಸುತ್ತಿದ್ದದ್ದು ಆ ಮೌಸ್ ಹಿಡಿದವರು ಕೆಲಸ ಮಾಡುವ ರೀತಿ. ನಾವು ಕೋಡ್ ಬರೆಯಲು, ಫೈಲ್ ತಿದ್ದಲು ಬಳಸುವ ಎಡಿಟರಿನಲ್ಲಿ ಎಡಗಡೆ ಫೋಲ್ಡರುಗಳ ಪಟ್ಟಿ ಇರುತ್ತದೆ. ಒಂದು ಫೋಲ್ಡರ್ ಒತ್ತಿದರೆ ಅದರೊಳಗಿನದು ಬಿಚ್ಚಿಕೊಳ್ಳುತ್ತದೆ, ಅದನ್ನು ಒತ್ತಿದರೆ ಮತ್ತೊಂದು. ಜನ ಅದರಲ್ಲಿ ಮೇಲೆ ಕೆಳಗೆ ಮೇಲೆ ಕೆಳಗೆ ಹುಡುಕುತ್ತಾ, ಕಣ್ಣು ಕಿರಿದು ಮಾಡಿಕೊಂಡು, ತುಟಿ ಅಲ್ಲಾಡಿಸುತ್ತಾ ಕೂರುವುದನ್ನು ಹಿಂದೆ ನಿಂತು ನೋಡಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹಾಗಲ್ಲ. ಕಂಟ್ರೋಲ್ ಮತ್ತು ಪಿ ಒತ್ತಿದರೆ ಪರದೆಯ ಮೇಲ್ತುದಿಯಲ್ಲಿ ಒಂದು ಪೆಟ್ಟಿಗೆ ಇಳಿಯುತ್ತದೆ. ಫೈಲಿನ ಹೆಸರಿನ ನಾಲ್ಕಕ್ಷರ ಹೊಡೆದರೆ ಸಾಕು, ಮಧ್ಯದ ಅಕ್ಷರ ಬಿಟ್ಟರೂ ಅದು ಹುಡುಕಿಕೊಡುತ್ತದೆ. ತೆರೆದ ಫೈಲಿನೊಳಗೆ ಯಾವ ಭಾಗ ಬೇಕು ಎಂದಾದರೆ ಅದೇ ಪೆಟ್ಟಿಗೆಯಲ್ಲಿ ಇಮೇಲ್ ವಿಳಾಸದಲ್ಲಿ ಬರುವ 'ಅಟ್' ಗುರುತು ಹಾಕಿ ಆ ಭಾಗದ ಹೆಸರು ಬರೆದರಾಯಿತು. ಸಾಲಿನ ಸಂಖ್ಯೆ ಗೊತ್ತಿದ್ದರೆ ಎರಡು ಚುಕ್ಕೆ ಇಟ್ಟು ಸಂಖ್ಯೆ. ಸೆಟ್ಟಿಂಗ್ಸ್ ಬೇಕಾದರೆ ಕಂಟ್ರೋಲ್ ಜೊತೆ ಅಲ್ಪವಿರಾಮ. ಕಂಟ್ರೋಲ್, ಶಿಫ್ಟ್ ಮತ್ತು ಪಿ ಒಟ್ಟಿಗೆ ಒತ್ತಿದರೆ ಕಮಾಂಡ್ ಪ್ಯಾಲೆಟ್. ಎಡಿಟರಿಗೆ ಗೊತ್ತಿರುವ ಕೆಲಸಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ, ಹೆಸರು ಹಿಡಿದು ಕರೆದರೆ ಬಂದು ಮಾಡಿಕೊಡುತ್ತವೆ. ಕೈ ಕೀಬೋರ್ಡು ಬಿಟ್ಟು ಏಳುವುದೇ ಬೇಡ.

ಇವೆಲ್ಲದಕ್ಕಿಂತ ನನಗೆ ಪ್ರಿಯವಾದದ್ದು ಒಂದು ಇತ್ತು. ಕಂಟ್ರೋಲ್-ಪಿ ಒತ್ತಿ, ಏನೂ ಬರೆಯದೆ, ಎಂಟರ್ ಒತ್ತುವುದು. ಖಾಲಿ ಪೆಟ್ಟಿಗೆ ಇತ್ತೀಚೆಗೆ ತೆರೆದ ಫೈಲುಗಳನ್ನು ಹೊಸತರಿಂದ ಹಳೆಯದಕ್ಕೆ ಜೋಡಿಸಿ ತೋರಿಸುತ್ತದೆ. ಯಾವ ಫೈಲೂ ತೆರೆದಿಲ್ಲದಿದ್ದರೆ ಕೊನೆಯದಾಗಿ ನೋಡಿದ್ದೇ ಮೇಲ್ತುದಿಯಲ್ಲಿ ಇರುತ್ತದೆ. ಎಂಟರ್ ಒತ್ತಿದರೆ ನೇರ ಅಲ್ಲಿಗೆ. ನಿನ್ನೆ ಬಿಟ್ಟಲ್ಲಿಂದ ಇಂದು ಶುರು. ನಾನು ಇದನ್ನು ಯೋಚಿಸಿ ಮಾಡುತ್ತಿರಲಿಲ್ಲ, ಬೆರಳು ತಾನೇ ಮಾಡುತ್ತಿತ್ತು.

ನಮ್ಮದು ಲ್ಯಾಬ್ ರಿಪೋರ್ಟ್ ಅಚ್ಚು ಹಾಕುವ ಸಾಫ್ಟ್‌ವೇರ್. ಉಡುಪಿ, ಕಾಪು, ಕಾರ್ಕಳ, ಹೆಬ್ರಿ ಕಡೆಯ ಸಣ್ಣ ಸಣ್ಣ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಕೊಟ್ಟಿದ್ದೆವು. ಒಂದೊಂದು ಲ್ಯಾಬಿಗೆ ಒಂದೊಂದು ಫೋಲ್ಡರ್, ಅದರೊಳಗೆ ಒಂದು ಸೆಟ್ಟಿಂಗ್ ಫೈಲ್. ಲ್ಯಾಬಿನ ವಿಳಾಸ, ಸಮಯ, ಯಾವ ಪರೀಕ್ಷೆಗೆ ಎಷ್ಟರಿಂದ ಎಷ್ಟರವರೆಗೆ ನಾರ್ಮಲ್ ಎಂಬ ಅಂಕಿಗಳು, ಎಲ್ಲ ಅದರಲ್ಲಿ. ಫೋಲ್ಡರಿನ ಹೆಸರು ಬೇರೆ, ಫೈಲಿನ ಹೆಸರು ಮಾತ್ರ ಎಲ್ಲದಕ್ಕೂ ಒಂದೇ. ಈ ಫೈಲುಗಳನ್ನು ತಿದ್ದುವುದು ಆ ಜಿಡ್ಡು ಮೌಸಿನ ಕಂಪ್ಯೂಟರಿನಲ್ಲಿ ಮಾತ್ರ, ಅದೂ ಎಲ್ಲರಿಗೂ ಒಂದೇ ಲಾಗಿನ್. ಯಾರು ಏನು ತಿದ್ದಿದರು ಎಂದು ಬರೆದಿಡುವ ಪದ್ಧತಿ ಇರಲಿಲ್ಲ. ಸಂಜೆ ಒಬ್ಬರು ಅದನ್ನೆಲ್ಲ ಒಟ್ಟಿಗೆ ಲ್ಯಾಬುಗಳಿಗೆ ಕಳುಹಿಸುತ್ತಿದ್ದರು.

ಆ ಒಬ್ಬರು ಅಕ್ಕ. ಕಲ್ಯಾಣಪುರದವರು, ವಯಸ್ಸು ಐವತ್ತರ ಹತ್ತಿರ. ಇಪ್ಪತ್ತು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿ ರಕ್ತ ತೆಗೆದವರು. ಆ ತಿಳಿವಳಿಕೆ ಬೇಕು ಎಂದು ಮ್ಯಾನೇಜರ್ ಅವರನ್ನು ವರ್ಷದ ಕರಾರಿನ ಮೇಲೆ ಸೇರಿಸಿಕೊಂಡಿದ್ದರು. ಆಫೀಸಿನಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದೆವು. ಅವರು ಫೈಲ್ ತೆರೆಯುವುದನ್ನು ನೋಡುವುದೆಂದರೆ ನನಗೆ ಶಿಕ್ಷೆ. ಎಡಗಡೆಯ ಪಟ್ಟಿಯಲ್ಲಿ ಮೌಸನ್ನು ಇರುವೆಯ ಹಾಗೆ ನಡೆಸುವರು. ಫೋಲ್ಡರಿನ ಮೇಲೆ ನಿಲ್ಲಿಸಿ ಹೆಸರನ್ನು ಬಾಯಿಬಿಟ್ಟು ಓದುವರು, "ಕಾರ್ಕಳ". ಆಮೇಲೆ ಕ್ಲಿಕ್. ಕೆಲಸ ಮುಗಿದ ಮೇಲೆ ತೆರೆದ ಒಂದೊಂದು ಫೈಲನ್ನೂ ಇಂಟು ಗುರುತು ಒತ್ತಿ ಮುಚ್ಚುವರು, ಅಂಗಡಿ ಬಾಗಿಲು ಎಳೆಯುವವರ ಹಾಗೆ.

"ಅಕ್ಕ, ಕೀಬೋರ್ಡಿನಲ್ಲಿ ಮಾಡಿ, ಎರಡು ಸೆಕೆಂಡು ಸಾಕು," ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಕಲಿಸುವ ಮನಸ್ಸಿನಿಂದ ಹೇಳಿದ್ದಲ್ಲ. ಬೇರೆಯವರಿಗೆ ಕೇಳಲಿ ಎಂದು ಹೇಳಿದ್ದು.

"ನಿಮ್ಮ ಬೆರಳಿಗೆ ಉಂಟು ಆ ಓಟ, ನಮಗೆ ಎಲ್ಲಿ ಮಾರಾಯ್ರೆ," ಎಂದು ಅವರು ನಗುತ್ತಿದ್ದರು. ಆ ನಗು ಕೂಡ ನನಗೆ ಸಹಿಸುತ್ತಿರಲಿಲ್ಲ.

ಕಾಪುವಿನ ಲ್ಯಾಬಿನ ಯಜಮಾನರು ದುಬೈಯಲ್ಲಿ ದುಡಿದು ಬಂದವರು, ಅಲ್ಲಿಂದಲೇ ಒಂದು ಹಳೆಯ ಮೆಷಿನ್ ತರಿಸಿದರು. ನಮ್ಮ ಕಡೆ ಸಕ್ಕರೆಯ ಅಂಶವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಎಪ್ಪತ್ತರಿಂದ ತೊಂಬತ್ತೊಂಬತ್ತು ಇದ್ದರೆ ನಾರ್ಮಲ್. ಆ ಮೆಷಿನ್ನಿನದು ಬೇರೆ ಲೆಕ್ಕ, ಅದೇ ಸಕ್ಕರೆಯನ್ನು ಅದು ನಾಲ್ಕು, ಐದು ಎಂದು ಕೊಡುತ್ತದೆ. ಒಂದು ದಿನ ಮಧ್ಯಾಹ್ನ ನಾನು ಕಾಪುವಿನ ಫೈಲ್ ತೆರೆದು ಹೊಸ ಮೆಷಿನ್ನಿನ ಹೆಸರು ಸೇರಿಸಿದ್ದೆ. ಮರುದಿನ ಬೆಳಿಗ್ಗೆ ಅಕ್ಕ ಮೆಷಿನ್ ನೋಡಿಕೊಂಡು ಬರಲು ಕಾಪುವಿಗೆ ಹೋದರು. ಹತ್ತು ಗಂಟೆಗೆ ಆಫೀಸಿನ ಗ್ರೂಪಿಗೆ ಅವರ ಮೆಸೇಜ್ ಬಂತು. ಕಾಪುವಿನ ಫಾಸ್ಟಿಂಗ್ ಶುಗರ್ ನಾರ್ಮಲ್ 3.9ರಿಂದ 5.5, ಮಧ್ಯಾಹ್ನ ಬಂದು ನಾನೇ ಬದಲಿಸ್ತೇನೆ, ಎಂದು ಬರೆದಿದ್ದರು.

ಓದಿ ನನಗೆ ಕಣ್ಣಮುಂದೆ ಬಂದಿತು, ಆ ಇರುವೆ ನಡಿಗೆ, ಆ ಬಾಯಿಬಿಟ್ಟು ಓದುವುದು. ಎರಡು ಅಂಕಿ ಬದಲಿಸಲು ಕಾಪುವಿನಿಂದ ಬಸ್ಸು ಹಿಡಿದು ಬಂದು ಕಾಲು ಗಂಟೆ ಕೂರುತ್ತಾರಲ್ಲ ಎಂದು ರೇಗಿತು. ಎದ್ದು ಹೋಗಿ ಆ ಕಂಪ್ಯೂಟರಿನ ಮುಂದೆ ನಿಂತೆ, ಕೂರಲೂ ಇಲ್ಲ. ಎಡಿಟರಿನಲ್ಲಿ ಯಾವ ಫೈಲೂ ತೆರೆದಿರಲಿಲ್ಲ. ಕಂಟ್ರೋಲ್-ಪಿ, ಎಂಟರ್. ಫೈಲ್ ತೆರೆಯಿತು. ಮತ್ತೆ ಕಂಟ್ರೋಲ್-ಪಿ, 'ಅಟ್' ಗುರುತು, ಫಾಸ್ಟಿಂಗಿನ ಮೊದಲ ನಾಲ್ಕಕ್ಷರ, ಎಂಟರ್. ನೇರ ಆ ಸಾಲಿಗೆ ಹೋಗಿ ಇಳಿದೆ. ಎರಡು ಅಂಕಿ ಬದಲಿಸಿ ಸೇವ್ ಮಾಡಿ, ಫೈಲ್ ಮುಚ್ಚಿದೆ. ಅದೂ ಕೀಬೋರ್ಡಿನಲ್ಲೇ. ಅಕ್ಕ ಬಂದು ಕುರ್ಚಿ ಎಳೆದು ಕೂತ ಮೇಲೆ, "ಆಗಿದೆ ಅಕ್ಕ, ಬೆಳಿಗ್ಗೆಯೇ ಆಗಿದೆ," ಎಂದು ಎಲ್ಲರ ಮುಂದೆ ಹೇಳಬೇಕು ಎಂದು ಯಾರಿಗೂ ಹೇಳದೆ ಇಟ್ಟುಕೊಂಡೆ.

ಹೇಳಲಿಕ್ಕೆ ಆಗಲಿಲ್ಲ. ಮಧ್ಯಾಹ್ನ ಒಬ್ಬ ಗಿರಾಕಿಯ ಜೊತೆ ಫೋನಿನಲ್ಲಿ ಎರಡು ತಾಸು ಸಿಕ್ಕಿಬಿದ್ದೆ, ಆಮೇಲೆ ಮರೆತೇಹೋಯಿತು. ಅಕ್ಕ ಬಂದು ತಮ್ಮ ಪಾಡಿಗೆ ಕಾಪುವಿನ ಫೈಲ್ ತೆರೆದು ಅಂಕಿ ಬದಲಿಸಿದರು. ಕಾರ್ಕಳದ ಫೈಲ್ ತೆರೆದು ಅಲ್ಲಿಯ ಲ್ಯಾಬಿನ ಭಾನುವಾರದ ಸಮಯ ಬದಲಿಸಿದರು. ಸಂಜೆ ಎಲ್ಲವನ್ನೂ ಕಳುಹಿಸಿ ಬಸ್ಸಿಗೆ ಹೋದರು.

ಮರುದಿನ ಎಂಟೂವರೆಗೆ ಕಾರ್ಕಳದಿಂದ ಫೋನ್. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟವರೆಲ್ಲರ ರಿಪೋರ್ಟಿನಲ್ಲಿ ಸಕ್ಕರೆ ಜಾಸ್ತಿ ಎಂದು ಕಪ್ಪು ಬಾಣ. ತೊಂಬತ್ತೆರಡು ಬಂದವರಿಗೂ ಬಾಣ, ಎಂಬತ್ತು ಬಂದವರಿಗೂ ಬಾಣ. ಪಕ್ಕದಲ್ಲಿ ನಾರ್ಮಲ್ 3.9ರಿಂದ 5.5 ಎಂದು ಅಚ್ಚು. ಲ್ಯಾಬಿನ ಹುಡುಗಿ ಕೆಲಸದ ಗಡಿಬಿಡಿಯಲ್ಲಿ ನೋಡದೆ ಹತ್ತಿಪ್ಪತ್ತು ಜನರಿಗೆ ಕೊಟ್ಟೂ ಬಿಟ್ಟಿದ್ದಳು. ಒಬ್ಬಳು ಬಸುರಿ ಅಲ್ಲೇ ಬೆಂಚಿನ ಮೇಲೆ ಕೂತು ಅಳುತ್ತಿದ್ದಳಂತೆ. ತೊಂಬತ್ತೆರಡನ್ನು ಐದೂವರೆಯ ಪಕ್ಕ ಇಟ್ಟರೆ ಯಾರಿಗಾದರೂ ಎದೆ ಒಡೆಯುತ್ತದೆ.

"ಸರಿ ಮಾಡು ಮೊದಲು, ಆಮೇಲೆ ಉಳಿದದ್ದು," ಎಂದು ಮ್ಯಾನೇಜರ್ ನನ್ನನ್ನು ಆ ಕಂಪ್ಯೂಟರಿಗೆ ಓಡಿಸಿದರು. ಎರಡು ಅಂಕಿ ತಿದ್ದಿ ಕಳುಹಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ಎರಡು ಅಂಕಿ ನಾನು ನಿನ್ನೆ ಬೆಳಿಗ್ಗೆ ಹೊಡೆದವೇ ಆಗಿದ್ದವು. ಕಮಾಂಡ್ ಪ್ಯಾಲೆಟ್ ತೆರೆದು ಲೋಕಲ್ ಹಿಸ್ಟರಿ ಎಂದು ಬರೆದೆ. ನಾವು ಒಂದು ಫೈಲನ್ನು ಸೇವ್ ಮಾಡಿದಾಗಲೆಲ್ಲ ಈ ಎಡಿಟರ್ ತನ್ನಷ್ಟಕ್ಕೆ ಒಂದು ಪ್ರತಿ ತೆಗೆದು ಗಂಟೆ ನಿಮಿಷದ ಸಮೇತ ಇಟ್ಟುಕೊಂಡಿರುತ್ತದೆ. ಹಳೆಯ ಪ್ರತಿ ಹುಡುಕಿ ವಾಪಸು ತರುವ ಕಮಾಂಡ್ ಒಂದಿದೆ. ಅದನ್ನು ಒತ್ತಿ ಕಾರ್ಕಳದ ಫೈಲ್ ಆರಿಸಿದೆ.

ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ನಾನು ಆಗಷ್ಟೇ ತಿದ್ದಿದ್ದು. ಅದರ ಕೆಳಗೆ ಮುನ್ನಾದಿನ ಮಧ್ಯಾಹ್ನದ ಒಂದು ಪ್ರತಿ, ಅದು ಅಕ್ಕನ ಭಾನುವಾರದ ಸಮಯ. ಅದರ ಕೆಳಗೆ ಅದೇ ದಿನ ಬೆಳಿಗ್ಗೆ ಹತ್ತು ಗಂಟೆ ಕಳೆದು ಒಂದು. ಅದರ ಕೆಳಗೆ ಅದಕ್ಕೂ ಹಿಂದಿನ ಸಂಜೆಯದು, ಐದೂಕಾಲಿನದು, ಅದೂ ಅಕ್ಕನದೇ.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಕಾಪುವಿನ ಫೈಲ್ ಬಿಟ್ಟುಹೋದ ಮೇಲೆ ಅಕ್ಕ ಸಂಜೆ ಕಾರ್ಕಳದ ಫೈಲಿನಲ್ಲಿ ಏನೋ ತಿದ್ದಿ, ತಮ್ಮ ಕ್ರಮದಂತೆ ಎಲ್ಲ ಮುಚ್ಚಿ ಹೋಗಿದ್ದರು. ಬೆಳಿಗ್ಗೆ ಖಾಲಿ ಪೆಟ್ಟಿಗೆಯ ಮೇಲ್ತುದಿಯಲ್ಲಿ ಇದ್ದದ್ದು ಕಾರ್ಕಳ. ಅದಕ್ಕೆ ನನ್ನ ನಿನ್ನೆ, ಅವರ ನಿನ್ನೆ ಎಂಬ ಭೇದ ಇಲ್ಲ, ಒಂದೇ ಕಂಪ್ಯೂಟರ್, ಒಂದೇ ಲಾಗಿನ್. ಫೈಲಿನ ಹೆಸರು ಒಂದೇ, ಮೇಲಿನ ಪಟ್ಟಿಯಲ್ಲಿ ಫೋಲ್ಡರಿನ ಹೆಸರು ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ನಾನು ಓದಲಿಲ್ಲ. ಫೈಲಿನ ಮೊದಲ ಸಾಲಿನಲ್ಲಿ ಲ್ಯಾಬಿನ ಊರು ಇರುತ್ತದೆ. ಅದನ್ನು ಕೂಡ ನೋಡದೆ 'ಅಟ್' ಹಾಕಿ ನಡುವಿಗೆ ಹಾರಿದವನು ನಾನು. ಬಾಯಿಬಿಟ್ಟು "ಕಾರ್ಕಳ" ಎಂದು ಓದುವವನಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಬೆನ್ನ ಹಿಂದೆ ಮ್ಯಾನೇಜರ್ ಏಲಕ್ಕಿ ಜಗಿಯುವ ಸದ್ದು. ಎಸ್ಕೇಪ್ ಒತ್ತಿ ಪಟ್ಟಿ ಮುಚ್ಚಿದೆ.

"ಈ ಫೈಲನ್ನು ನಿನ್ನೆ ಮುಟ್ಟಿದ್ದು ಯಾರು?" ಎಂದು ಅವರು ಎಲ್ಲರನ್ನೂ ಕೇಳಿದರು.

ಆಗಷ್ಟೇ ಒಳಗೆ ಬಂದಿದ್ದ ಅಕ್ಕ ಹೆಗಲಿನ ಬ್ಯಾಗ್ ಇಳಿಸಿರಲಿಲ್ಲ. "ನಾನು ಸರ್. ಭಾನುವಾರದ ಟೈಮಿಂಗ್ ಬದಲಿಸಲಿಕ್ಕಿತ್ತು. ಎಂತ ಆಯ್ತು?"

ಏನಾಯಿತು ಎಂಬುದನ್ನು ಮ್ಯಾನೇಜರ್ ಹೇಳಿದರು. ಹೇಳುವ ದನಿ ಕೆಳಗಿನ ಹೋಟೆಲಿಗೂ ಕೇಳಿರಬೇಕು. ಅಕ್ಕನ ಮುಖದ ಬಣ್ಣ ಹೋಯಿತು.

"ಕಾಪುದ್ದು ಮಾಡುವಾಗ ಎರಡೂ ತೆರೆದಿತ್ತು ಸರ್. ನಾನೇ ಕೈತಪ್ಪಿ ಅದರಲ್ಲೂ ಬರೆದೆನಾ ಏನೋ. ನನಗೆ ನೆನಪಿಲ್ಲ. ಇಲ್ಲ ಅಂತ ಹೇಳಲಿಕ್ಕೆ ಆಗುದಿಲ್ಲ."

ಸುಳ್ಳು ಹೇಳುವವರಾಗಿದ್ದರೆ ಬಚಾವಾಗುತ್ತಿದ್ದರು. ನಾನು ಅವರ ಎದುರಿಗೇ, ಮೂರು ಅಡಿ ದೂರದಲ್ಲಿ ಕೂತಿದ್ದೆ. ಬಾಯಿ ತೆರೆಯಲಿಲ್ಲ. ಗಂಟಲು ಕಟ್ಟಿತು ಎಂದೆಲ್ಲ ಹೇಳಿದರೆ ಅದು ಸುಳ್ಳು, ನನ್ನ ಗಂಟಲು ಚೆನ್ನಾಗಿಯೇ ಇತ್ತು. ತಪ್ಪು ನನ್ನದೆಂದು ಗೊತ್ತಾದರೆ ಈ ಆಫೀಸಿನಲ್ಲಿ ಇಷ್ಟು ದಿನ ಮೆರೆದ ನನ್ನ ಬೆರಳುಗಳ ಗತಿ ಏನು ಎಂಬುದೊಂದೇ ತಲೆಯಲ್ಲಿ ಇತ್ತು.

ಮ್ಯಾನೇಜರ್ ಅಕ್ಕನನ್ನು ತಮ್ಮ ಕೋಣೆಗೆ ಕರೆದೊಯ್ದರು. ಉಳಿದವರು ಕಾರ್ಕಳಕ್ಕೆ ಫೋನು ಮಾಡುವುದರಲ್ಲಿ ಮುಳುಗಿದ್ದರು. ಆಗ ನಾನು ಮಾಡಿದ್ದನ್ನು ಬರೆಯಲು ಈಗಲೂ ಬಾಯಿ ಕಹಿಯಾಗುತ್ತದೆ. ಕಂಟ್ರೋಲ್, ಶಿಫ್ಟ್, ಪಿ. 'ಕ್ಲಿಯರ್' ಎಂದು ಬರೆದೆ. ಮೊದಲು ಕ್ಲಿಯರ್ ಕಮಾಂಡ್ ಹಿಸ್ಟರಿ, ನಾನು ಹಳೆಯ ಪ್ರತಿ ಹುಡುಕಿದ ಕಮಾಂಡಿನ ಗುರುತು ಉಳಿಯಬಾರದು ಎಂದು. ಆಮೇಲೆ ಕ್ಲಿಯರ್ ಎಡಿಟರ್ ಹಿಸ್ಟರಿ, ತೆರೆದ ಫೈಲುಗಳ ಪಟ್ಟಿ ಹೋಗಲಿ ಎಂದು. ಕೊನೆಗೆ ಲೋಕಲ್ ಹಿಸ್ಟರಿ ಡಿಲೀಟ್ ಆಲ್, ಆ ಹತ್ತು ಗಂಟೆಯ ಪ್ರತಿ ಹೋಗಲಿ ಎಂದು. ಇದನ್ನು ಮಾಡಿದರೆ ವಾಪಸು ಬರುವುದಿಲ್ಲ ಎಂದು ಎಡಿಟರ್ ಮೂರು ಸಲವೂ ಎಚ್ಚರಿಸಿತು. ಮೂರು ಸಲವೂ ಎಂಟರ್ ಒತ್ತಿದೆ. ಕಾರ್ಕಳದ ಅಂಕಿ ಬದಲಾದದ್ದು ಅಕ್ಕ ಕಾಪುವಿನಲ್ಲಿದ್ದ ಹೊತ್ತಿನಲ್ಲಿ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಹತ್ತು ಸೆಕೆಂಡಿನಲ್ಲಿ ಹೋಯಿತು. ಮೌಸ್ ಮುಟ್ಟಲಿಲ್ಲ. ಆದರೂ ಎದ್ದು ಹೋಗಿ ಕೈ ತೊಳೆದೆ.

ಹದಿನೇಳು ದಿನದಲ್ಲಿ ಅಕ್ಕನ ಕರಾರು ಮುಗಿಯುವುದಿತ್ತು. ಮುಂದುವರಿಸುವುದಿಲ್ಲ ಎಂದು ಮ್ಯಾನೇಜರ್ ಹೇಳಿದರು. ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ನನ್ನ ಪಕ್ಕವೇ ಕೂತು, ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡರು.

"ಇಪ್ಪತ್ತು ವರ್ಷ ಈ ಕೈಯಲ್ಲಿ ಮಕ್ಕಳ ನರ ಹುಡುಕಿದ್ದೇನೆ. ಒಂದು ಸಲ ಚುಚ್ಚಿದರೆ ಮತ್ತೆ ಚುಚ್ಚಲಿಕ್ಕಿಲ್ಲ. ಈಗ ಕೈ ನನ್ನ ಮಾತು ಕೇಳುದಿಲ್ಲ ಅಂತ ಕಾಣ್ತದೆ, ಅಲ್ವಾ?"

"ಹಾಗೆಲ್ಲ ಇಲ್ಲ ಅಕ್ಕ," ಎಂದೆ. ಅವರು ಕೊಟ್ಟ ಸೌತೆಕಾಯಿ ಪಲ್ಯವನ್ನು ತಿಂದೆ ಕೂಡ. ಹದಿನೈದು ದಿನ ಹೀಗೇ ನಡೆಯಿತು. ಸಂಜೆ ಅವರು ನನಗೂ ಸೇರಿಸಿ ಚಾ ಹೇಳುವರು, ನಾನು ಕುಡಿಯುವೆನು. ನನ್ನಂಥ ಮನುಷ್ಯ ಎದುರಿಗೆ ಕೂತರೆ ನಾನೇ ಎದ್ದು ಹೋಗುತ್ತಿದ್ದೆ. ಆದರೆ ನನ್ನಿಂದ ನಾನು ಎದ್ದು ಎಲ್ಲಿಗೆ ಹೋಗುವುದು. ಆ ಕಂಪ್ಯೂಟರಿನ ಹತ್ತಿರ ಮಾತ್ರ ಸುಳಿಯಲಿಲ್ಲ.

ಕರಾರು ಮುಗಿಯಲು ಎರಡು ದಿನ ಇರುವಾಗ ಅಕ್ಕ ಬಂದು ನನ್ನ ಮೇಜಿನ ಬಳಿ ನಿಂತರು.

"ನನಗೆ ಆ ಕೀಬೋರ್ಡಿನದ್ದು ಹೇಳಿಕೊಡ್ತೀರಾ? ಆದಿ ಉಡುಪಿಯಲ್ಲಿ ಒಬ್ಬರು ಕೆಲಸಕ್ಕೆ ಕರೆದಿದ್ದಾರೆ. ಮೌಸಿನಲ್ಲಿ ನನ್ನ ಕೈ ತಪ್ಪುವುದಾದ್ರೆ ಇದನ್ನಾದ್ರೂ ಕಲೀತೇನೆ."

ಬೇಡ ಎನ್ನಲು ಯಾವ ಮುಖವಿತ್ತು ನನಗೆ. ಅವರ ಜಾಗದಲ್ಲೇ, ಆ ಕಂಪ್ಯೂಟರಿನ ಮುಂದೆಯೇ ಕೂತೆವು. ಕಂಟ್ರೋಲ್-ಪಿ ಕಲಿಸಿದೆ. ಅಕ್ಕ ಎರಡು ಕೈಯ ಎರಡು ಬೆರಳಿನಿಂದ ಒತ್ತಿದರು. ಪೆಟ್ಟಿಗೆ ಇಳಿದದ್ದನ್ನು ನೋಡಿ ಮಕ್ಕಳ ಹಾಗೆ ಹಿಗ್ಗಿದರು. ಅಲ್ಲಿ ಪ್ರಶ್ನೆ ಗುರುತು ಹಾಕಿದರೆ ಯಾವ ಗುರುತಿಗೆ ಯಾವ ಕೆಲಸ ಎಂದು ಅದೇ ತೋರಿಸುತ್ತದೆ ಎಂದು ಹೇಳಿದೆ. ಅದನ್ನೆಲ್ಲ ಅವರು ಒಂದು ಹಳೆಯ ಡೈರಿಯಲ್ಲಿ ಬರೆದುಕೊಂಡರು. ಒಂದೊಂದು ಫೈಲ್ ತೆರೆಯುವ ಮೊದಲೂ ಫೋಲ್ಡರಿನ ಹೆಸರನ್ನು ಬಾಯಿಬಿಟ್ಟು ಓದಿದರು. ಈ ಸಲ ನಾನು ತುಟಿ ಕಚ್ಚಿಕೊಂಡು ಕೇಳಿದೆ.

"ಇನ್ನು ಕಮಾಂಡ್ ಪ್ಯಾಲೆಟ್," ಎಂದೆ. ಕಲಿಸುವ ಹುರುಪು ಆಗಲೇ ತಲೆಗೇರಿತ್ತು, ನನ್ನಂಥವರಿಗೆ ಅದೊಂದು ರೋಗ. "ಕೊನೆಗೆ ಬಳಸಿದ ಕಮಾಂಡುಗಳು ಯಾವಾಗಲೂ ಮೇಲೆಯೇ ಇರ್ತವೆ ಅಕ್ಕ. ಈ ಕಂಪ್ಯೂಟರಿನಲ್ಲಿ ಮೊನ್ನೆ ಎಂತ ಮಾಡಿದ್ದೇವೆ ಅಂತ ಹುಡುಕಲಿಕ್ಕಿಲ್ಲ. ಕಂಟ್ರೋಲ್, ಶಿಫ್ಟ್, ಪಿ ಒತ್ತಿ."

ಅಕ್ಕ ಒತ್ತಿದರು.

ಮೇಲೆ ಎರಡೇ ಸಾಲು ಇತ್ತು, ಇತ್ತೀಚೆಗೆ ಬಳಸಿದ್ದು ಎಂಬ ಗುರುತಿನ ಜೊತೆಗೆ. ಕಮಾಂಡುಗಳ ನೆನಪನ್ನು ನಾನು ಮೊದಲೇ ಅಳಿಸಿದ್ದೆ, ಉಳಿದೆರಡು ಕೆಲಸವನ್ನು ಅದರ ನಂತರ ಮಾಡಿದ್ದೆ. ಅಳಿಸಿದ ಮೇಲೆ ಮಾಡಿದ್ದನ್ನು ಅದು ಹೊಸದಾಗಿ ನೆನಪಿಟ್ಟುಕೊಂಡಿತ್ತು. ಶಾರ್ಟ್‌ಕಟ್ಟಿನ ಗುರು ಎಂದು ಮೆರೆದವನಿಗೆ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ.

ಅಕ್ಕ ಒಂದೊಂದೇ ಪದ ಬಿಡಿಸಿ ಓದಿದರು. "ಲೋಕಲ್ ಹಿಸ್ಟರಿ, ಡಿಲೀಟ್ ಆಲ್. ಕ್ಲಿಯರ್ ಎಡಿಟರ್ ಹಿಸ್ಟರಿ." ಡೈರಿಯಲ್ಲಿ ಬರೆಯಲು ಪೆನ್ನು ಎತ್ತಿದವರು ಹಾಗೇ ತಡೆದರು. "ಹಿಸ್ಟರಿ ಅಂದ್ರೆ ಎಂತ ಇದು?"

"ಫೈಲಿನ ಹಳೆಯ ಪ್ರತಿಗಳು. ಯಾವಾಗ ಸೇವ್ ಮಾಡಿದ್ದು ಅಂತ..."

"ಯಾವಾಗ ಅಂತಲೂ ಇರ್ತದಾ? ಗಂಟೆ ಸಮೇತ?"

"ಹೌದು."

ಅವರು ಸ್ವಲ್ಪ ಹೊತ್ತು ಪರದೆಯನ್ನು ನೋಡಿದರು. ಲ್ಯಾಬಿನಲ್ಲಿ ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವಾಗ ಹೀಗೇ ನೋಡುತ್ತಿದ್ದರೇನೋ. ಆಫೀಸಿನಲ್ಲಿ ಈ ಪೆಟ್ಟಿಗೆ ಬಳಸುವವನು ನಾನೊಬ್ಬನೇ, ಅದು ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತು. ನಾನೇ ದಿನವೂ ಕೂಗಿ ಹೇಳುತ್ತಿದ್ದೆನಲ್ಲ.

"ಆ ದಿನ ಬೆಳಿಗ್ಗೆ ನಾನು ಕಾಪುವಿನಲ್ಲಿದ್ದೆ," ಎಂದರು. ದನಿ ಏರಲಿಲ್ಲ. "ನೀವು ಮಾಡಿದ್ದಾ?"

"ನಾನೇ ಅಕ್ಕ. ಕಾಪು ಅಂತ ಗ್ರಹಿಸಿ ಕಾರ್ಕಳದಲ್ಲಿ ಬರೆದೆ. ಆಮೇಲೆ ಅಳಿಸಿದೆ."

ಅವರು ಡೈರಿ ಮುಚ್ಚಿದರು. "ಸರ್‌ಗೆ ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

ನಾನೇ ಹೋದೆ. ಮ್ಯಾನೇಜರ್ ಕೇಳಿಸಿಕೊಂಡರು, ಏಲಕ್ಕಿಯ ಸಿಪ್ಪೆಯನ್ನು ನಾಲಿಗೆಯ ತುದಿಗೆ ತಂದು ಟಿಶ್ಯೂ ಪೇಪರಿಗೆ ಉಗಿದರು. ಎದ್ದು ಬಾಗಿಲು ಹಾಕಿದರು.

"ಈಗ ಎಂತಕ್ಕೆ ಮಾರಾಯ ಇದೆಲ್ಲ? ತಪ್ಪು ಮಾಡಿದವರನ್ನು ತೆಗೆದಿದ್ದೇವೆ ಅಂತ ಅಕ್ಕನ ಹೆಸರು ಹಾಕಿ ಕಾರ್ಕಳದವರಿಗೆ ಕಾಗದ ಹೋಗಿ ಆಗಿದೆ. ಅವರಿಗೆ ಸಮಾಧಾನ ಉಂಟು. ನೀನು ಇಲ್ಲದಿದ್ರೆ ಇಲ್ಲಿ ಕೆಲಸ ನಿಲ್ತದೆ, ಆ ಹೆಂಗಸು ಇಲ್ಲದಿದ್ರೆ ಎಂತ ಆಗ್ತದೆ? ಹೋಗು, ಸುಮ್ಮನೆ ಕೂತ್ಕೋ."

ಆ ಟಿಶ್ಯೂವನ್ನು ಅವರು ನನ್ನ ಮುಂದೆಯೇ ಮೇಜಿನ ಮೇಲೆ ಇಟ್ಟಿದ್ದರು. ವಾಕರಿಕೆ ಬಂತು. ಅದಕ್ಕಿಂತ ಹೆಚ್ಚು ವಾಕರಿಕೆ ಬಂದದ್ದು, ಅವರ ಮಾತು ಕೇಳಿ ನನ್ನೊಳಗೆ ಒಂದು ಕ್ಷಣ ಹಾಯೆನಿಸಿತಲ್ಲ, ಅದಕ್ಕೆ. ಹೇಳಿಯೂ ಆಯಿತು, ಏನೂ ಆಗಲೂ ಇಲ್ಲ.

ಅಕ್ಕ ಹೊರಗೆ ಕಾಯುತ್ತಿದ್ದರು. ಮ್ಯಾನೇಜರ್ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಕಾಗದದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಅದನ್ನು ಕೇಳಿದಾಗ ಮೊದಲ ಬಾರಿಗೆ ಅವರ ಕಣ್ಣು ತುಂಬಿತು. ಕಾರ್ಕಳದ ಆ ಲ್ಯಾಬಿನಲ್ಲಿ ಅವರು ಎಂಟು ವರ್ಷ ಕೆಲಸ ಮಾಡಿದವರು. ಮೊಬೈಲ್ ತೆಗೆದು ಅಲ್ಲಿಯ ಡಾಕ್ಟರಮ್ಮನಿಗೆ ನಂಬರ್ ಒತ್ತಿದರು, ಅತ್ತ ಕಡೆ ಎತ್ತಿದ ಮೇಲೆ ನನ್ನ ಕೈಗೆ ಕೊಟ್ಟರು.

"ಹೇಳಿ. ಮೊದಲಿಂದ ಹೇಳಿ."

ಹೇಳಿದೆ. ಇಡೀ ಆಫೀಸು ಕೇಳುತ್ತಿತ್ತು. ಕೊನೆಗೆ ಡಾಕ್ಟರಮ್ಮ, "ಅವಳ ಕೈಯಲ್ಲಿ ಅಂಥದ್ದು ಆಗ್ಲಿಕ್ಕಿಲ್ಲ ಅಂತ ನಾನು ಆಗಲೇ ಹೇಳಿದ್ದೆ," ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ಅವರು ಮ್ಯಾನೇಜರಿಗೆ ಏನು ಹೇಳಿದರೋ, ಮರುದಿನ ಬೆಳಿಗ್ಗೆ ಮ್ಯಾನೇಜರ್ ಹೊಸ ಕರಾರಿನ ಕಾಗದ ಹಿಡಿದು ತಾವೇ ಅಕ್ಕನ ಮೇಜಿನ ಹತ್ತಿರ ಬಂದರು. ಬಾಯಲ್ಲಿ ಏಲಕ್ಕಿ ಇರಲಿಲ್ಲ.

"ಇನ್ನೊಂದು ವರ್ಷ, ಅಕ್ಕ. ಸೈನ್ ಮಾಡಿ. ಎಲ್ಲ ಸರಿಯಾಯ್ತಲ್ಲ."

ಅಕ್ಕ ಕಾಗದವನ್ನು ಪೂರ್ತಿ ಓದಿದರು, ಎಂದಿನಂತೆ ತುಟಿ ಅಲ್ಲಾಡಿಸುತ್ತಾ. ಮಡಚಿ ವಾಪಸು ಕೊಟ್ಟರು.

"ಬೇಡ ಸರ್."

"ಯಾಕೆ? ನಿಮ್ಮ ತಪ್ಪಲ್ಲ ಅಂತ ಎಲ್ಲರಿಗೂ ಗೊತ್ತಾಯ್ತಲ್ಲ?"

"ತಪ್ಪು ಯಾರಿಗೂ ಆಗ್ತದೆ ಸರ್. ನಾನು ಕೂಡ ಒಮ್ಮೆ ಇಬ್ಬರ ರಕ್ತದ ಟ್ಯೂಬು ಅದಲುಬದಲು ಮಾಡಿದವಳೇ, ಓಡಿ ಹೋಗಿ ಇಬ್ಬರ ಮನೆಯಲ್ಲೂ ಹೇಳಿದ್ದೇನೆ." ಆಮೇಲೆ ನನ್ನ ಕಡೆ ಕೈ ತೋರಿಸಿದರು, ಮುಖ ತಿರುಗಿಸಲಿಲ್ಲ. "ಇವರು ಹದಿನೈದು ದಿನ ನನ್ನ ಡಬ್ಬಿಯಿಂದ ಉಂಡಿದ್ದಾರೆ. ಇವರು ಮುಟ್ಟಿದ ಕೀಬೋರ್ಡು ಮುಟ್ಟಲಿಕ್ಕೆ ನನಗೆ ಹೇಸಿಗೆ ಆಗ್ತದೆ."